ಜೀರ್ಣೋದ್ಧಾರ: ಗೋಡೆಯ ಚಿತ್ರಕ್ಕೆ ಒಗ್ಗದ ಪದ

ಕಳೆದ ವಾರ ಕೈಗೆ ಬಂದ ಒಂದು ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ “ಮುಖಮಂಟಪದ ಪುರಾತನ ಚಿತ್ರಗಳ ಜೀರ್ಣೋದ್ಧಾರ ಸಂಪನ್ನಗೊಂಡಿದೆ” ಎಂದಿತ್ತು. ಪಕ್ಕದಲ್ಲೇ ಫೋಟೊ. ರಾಮನ ಮೈಗೆ ಕಿಟಕಿ ಬಾಗಿಲಿಗೆ ಹೊಡೆಯುವ ನೀಲಿ ಎನಾಮೆಲ್, ಸೀತೆಯ ಸೀರೆಗೆ ಅಂಗಡಿ ಬೋರ್ಡಿನ ಕೆಂಪು. ಹಳೆಯ ಕಾವಿಗೆರೆ ಎಲ್ಲಿಯೂ ಕಾಣಲಿಲ್ಲ. ಪತ್ರಿಕೆ ಅಚ್ಚು ಹಾಕಿಸಿದವರು ಸುಳ್ಳು ಹೇಳಿಲ್ಲ. ಆ ಚಿತ್ರಗಳಿಗೆ ಆದದ್ದು ನಿಜವಾಗಿಯೂ ಜೀರ್ಣೋದ್ಧಾರವೇ. ಆಗಬಾರದಾಗಿದ್ದದ್ದೂ ಅದೇ. ಸುದ್ದಿ ವರದಿಗಳಲ್ಲಿ, ಟೆಂಡರ್ ಪ್ರಕಟಣೆಗಳಲ್ಲಿ ಸಂರಕ್ಷಣೆ ಎನ್ನಬೇಕಾದ ಕಡೆಯೆಲ್ಲ ಈ ಪದವನ್ನೇ ಹಾಕುತ್ತಿರುವುದರಿಂದ ಸ್ವಲ್ಪ ಬಿಡಿಸಿ ನೋಡಲೇಬೇಕು.

‘ಜೀರ್ಣ’ದ ಧಾತು ‘ಜೄ’. ಸವೆಯುವುದು, ಮುಪ್ಪಾಗುವುದು ಎಂದು ಅದರ ಅರ್ಥ. ಮುಪ್ಪು ಎನ್ನುವ ‘ಜರಾ’ ಹುಟ್ಟಿದ್ದೂ, ಹೊಟ್ಟೆಯ ‘ಅಜೀರ್ಣ’ ಹುಟ್ಟಿದ್ದೂ ಇದರಿಂದಲೇ. ತಿಂದ ಅನ್ನ ತನ್ನ ರೂಪ ಕಳೆದುಕೊಂಡರೆ ಅದು ಜೀರ್ಣವಾಯಿತು. ‘ಉದ್ಧಾರ’ ಎಂದರೆ ಮೇಲೆತ್ತುವುದು. ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದೇವರ ಅಂಗಭೋಗ, ರಂಗಭೋಗಗಳ ಜೊತೆಗೆ, ಗುಡಿಯಲ್ಲಿ ಮುರಿದದ್ದನ್ನೂ ಬಿರಿದದ್ದನ್ನೂ ಸರಿಪಡಿಸಲು ಇಷ್ಟು ಭೂಮಿ ಎಂದು ಬಿಟ್ಟುಕೊಟ್ಟದ್ದು ಅದು. ತೊಲೆ ಮುರಿದರೆ ಬೇರೆ ತೊಲೆ, ಗಾರೆ ಬಿರಿದರೆ ಹೊಸ ಗಾರೆ. ಕಟ್ಟಡದ ಮಟ್ಟಿಗೆ ಪದ ಸರಿಯಾಗಿಯೇ ಕೂರುತ್ತದೆ.

ಮೂರ್ತಿಯ ವಿಷಯಕ್ಕೆ ಬಂದರೆ ಅರ್ಥ ಇನ್ನೂ ಖಚಿತ. ಅಗ್ನಿಪುರಾಣದಲ್ಲಿ ಜೀರ್ಣೋದ್ಧಾರ ವಿಧಿಗೇ ಒಂದು ಅಧ್ಯಾಯವಿದೆ. ಜೀರ್ಣವಾದ ಮರದ ಮೂರ್ತಿಯನ್ನು ಬೆಂಕಿಗೆ ಹಾಕಬೇಕು, ಕಲ್ಲಿನದನ್ನು ನೀರಿಗೆ ಬಿಡಬೇಕು, ಅದೇ ಅಳತೆಯ ಅದೇ ದ್ರವ್ಯದ ಇನ್ನೊಂದನ್ನು ಪ್ರತಿಷ್ಠೆ ಮಾಡಬೇಕು. ಮೂರ್ತಿ ಬದಲಾದರೂ ದೇವರು ಬದಲಾಗುವುದಿಲ್ಲ. ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿಕೊಂಡು ಹೊಸದಕ್ಕೆ ತುಂಬುವ ಕ್ರಮವಿದೆ. ಆ ಲೋಕದಲ್ಲಿ ಇದಕ್ಕೆ ಪೂರ್ತಿ ಅರ್ಥವಿದೆ, ನನ್ನ ತಕರಾರು ಅದರ ಮೇಲಲ್ಲ.

ಗೋಡೆಯ ಚಿತ್ರಕ್ಕೆ ಮಾತ್ರ ಅಂಥ ಕಲಶ ಇಲ್ಲ. ಚಿತ್ರವೆಂದರೆ ಒಬ್ಬ ಕೈಯವನು ಎಳೆದ ಗೆರೆ, ಗಾರೆಯ ಮೇಲೆ ಅಂಟಿಕೊಂಡು ನಿಂತ ಕಾಗದದಷ್ಟು ತೆಳುವಾದ ಬಣ್ಣದ ಪದರ. ಅದರ ಮೇಲೆ ಅದೇ ಅಳತೆಯಲ್ಲಿ ಇನ್ನೊಂದನ್ನು ಬರೆದರೆ ಹೊಸ ಚಿತ್ರ ಬಂತು, ಹಳೆಯದು ಹೋಯಿತು. ಹೀಗಾಗಿ ಚಿತ್ರದ ಬಳಿ ಕೆಲಸ ಮಾಡುವವರ ಮಾತು ‘ಸಂರಕ್ಷಣೆ’. ಇರುವುದನ್ನು ಇರುವಂತೆ ಹಿಡಿದು ನಿಲ್ಲಿಸುವುದು, ಮೇಲೆ ಕೂತ ಕೊಳೆಯನ್ನು ತೆಗೆಯುವುದು, ಹೋದದ್ದನ್ನು ಹೋದದ್ದೆಂದು ತೋರಿಸುವುದು. ಈ ವ್ಯತ್ಯಾಸ ಪದಕೋಶಕ್ಕಷ್ಟೇ ಸೇರಿದ್ದಲ್ಲ. ಜೀರ್ಣೋದ್ಧಾರ ಎಂದು ಬರೆದ ಟೆಂಡರಿಗೆ ಪೇಂಟರ್ ಬರುತ್ತಾನೆ.

ಹಕ್ಕಳೆ ಏಳುವುದನ್ನೇ ತೆಗೆದುಕೊಳ್ಳಿ. ಬಣ್ಣ ಹಳೆಯದಾಯಿತು, ಅದಕ್ಕೇ ಉದುರುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಬಹಳ ಕಡೆ ಕಾರಣ ಬಣ್ಣದಲ್ಲಿ ಇರುವುದೇ ಇಲ್ಲ, ಛಾವಣಿಯಲ್ಲಿರುತ್ತದೆ. ಸೋರಿದ ನೀರು ಕಲ್ಲು, ಇಟ್ಟಿಗೆ, ಗಾರೆಗಳ ಒಳಗಿನ ಉಪ್ಪನ್ನು ಕರಗಿಸಿಕೊಂಡು ಬಣ್ಣದ ಕಡೆಗೆ ಬರುತ್ತದೆ. ಬೇಸಗೆಯಲ್ಲಿ ನೀರು ಆರುತ್ತದೆ, ಉಪ್ಪು ಬಣ್ಣದ ಬೆನ್ನಿಗೇ ಹರಳುಗಟ್ಟಿ ಉಬ್ಬುತ್ತದೆ, ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಮರುವರ್ಷ ಮಳೆಗೆ ಮತ್ತೆ ಕರಗಿ ಬೇಸಗೆಗೆ ಮತ್ತೆ ಹರಳಾಗುತ್ತದೆ. ಹಳೆಯ ಸುಣ್ಣ-ಸುರ್ಕಿಯ ಛಾವಣಿ ಕಿತ್ತು ಸಿಮೆಂಟ್ ಹಾಕಿದಲ್ಲಿ ಇದು ಇನ್ನೂ ಜೋರು. ಸಿಮೆಂಟು ಕೂದಲೆಳೆಯ ಬಿರುಕಿನಲ್ಲಿ ನೀರನ್ನು ಒಳಗೆ ಬಿಡುತ್ತದೆ, ಮೇಲಕ್ಕೆ ಆರಲು ಬಿಡುವುದಿಲ್ಲ, ಸಾಲದ್ದಕ್ಕೆ ತನ್ನ ಉಪ್ಪನ್ನೂ ಸೇರಿಸುತ್ತದೆ. ಆ ತೇವಕ್ಕೆ ಉಳಿದ ದಾರಿ ಕೆಳಗಿನ ಚಿತ್ರ ಒಂದೇ.

ನೋಡಿದರೆ ಒಂದೇ ಥರ ಕಾಣುವ ಮೂರು ಕಾಯಿಲೆಗಳು ಇಲ್ಲಿವೆ, ಮದ್ದು ಬೇರೆ ಬೇರೆ. ಬಣ್ಣದ ಪದರ ಮಾತ್ರ ಒಣಗಿದ ಕೆರೆಯ ಮಣ್ಣಿನಂತೆ ಅಂಚು ಸುರುಳಿ ಎದ್ದಿದ್ದರೆ ಅದು ಹಕ್ಕಳೆ. ಓರೆಯಾಗಿ ಟಾರ್ಚ್ ಬಿಟ್ಟರೆ ಎದ್ದ ಅಂಚುಗಳ ನೆರಳು ಕಾಣುತ್ತದೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆಯೇ ಗೋಡೆ ಬಿಟ್ಟಿದೆ. ಮುಟ್ಟಿದರೆ ಬಣ್ಣ ಪುಡಿಯಾಗಿ ಕೈಗೆ ಬಂದರೆ ಅದನ್ನು ಹಿಡಿದಿದ್ದ ಅಂಟು ಸತ್ತಿದೆ.

ಗಾರೆ ಬಿಟ್ಟಲ್ಲಿ ತೆಳುವಾದ ಸುಣ್ಣದ ಪಾಕವನ್ನು ಸಣ್ಣ ತೂತಿನಿಂದ ಒಳಗೆ ಸೇರಿಸಿ, ಮೆತ್ತೆ ಕಟ್ಟಿದ ಹಲಗೆಯಿಂದ ಆನಿಸಿ ಗಟ್ಟಿಯಾಗುವ ತನಕ ಬಿಡುತ್ತಾರೆ. ಹಕ್ಕಳೆಯದು ಇನ್ನೂ ನಾಜೂಕು. ಮೊದಲು ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಎದ್ದ ಚಕ್ಕೆಯ ಹಿಂದಕ್ಕೆ ಒಂದು ಹನಿ ಆಲ್ಕೋಹಾಲ್ ಬಿಡುತ್ತಾರೆ, ಅಂಟು ಸರಾಗವಾಗಿ ಹರಿಯಲೆಂದು. ಆಮೇಲೆ ಸಿರಿಂಜಿನಲ್ಲಿ ಪ್ಯಾರಾಲಾಯ್ಡ್ ಬಿ-72ರಂಥ ಅಕ್ರಿಲಿಕ್ ರಾಳವನ್ನು ದ್ರಾವಕದಲ್ಲಿ ಶೇ. 2-3ರಷ್ಟು ತೆಳುವಾಗಿ ಕರಗಿಸಿ ಬಿಡುತ್ತಾರೆ. ಮೇಲೆ ತೆಳುವಾದ ಟಿಶ್ಯೂ ಕಾಗದ ಇಟ್ಟು ಹತ್ತಿಯ ಉಂಡೆಯಿಂದ ಒತ್ತಿ ಕೂರಿಸುತ್ತಾರೆ. ಒಂದು ದಿನದಲ್ಲಿ ಒಂದು ಮುಖ ಮುಗಿದರೆ ಹೆಚ್ಚು. ಗೋಡೆ ಒದ್ದೆಯಿರುವಾಗ ಇದನ್ನೆಲ್ಲ ಮಾಡಿದರೆ ಉಪ್ಪನ್ನು ಒಳಗೇ ಕೂಡಿಹಾಕಿದಂತೆ. ಹಾಗಾಗಿ ಮೊದಲು ಛಾವಣಿಯ ದುರಸ್ತಿ, ಆಮೇಲೆ ಒಂದು ಮಳೆಗಾಲ ಕಾದು ತೇವ ನಿಂತಿತೇ ಎಂದು ನೋಡುವುದು, ಅದಾದ ಮೇಲೆ ಚಿತ್ರ.

ಅಂಟಿನ ಆಯ್ಕೆಯಲ್ಲಿ ಒಮ್ಮೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಜಂತಾ ಇದೆ. 1920ರ ದಶಕದ ಆರಂಭದಲ್ಲಿ ಹೈದರಾಬಾದ್ ನಿಜಾಮರ ಸರ್ಕಾರ ಇಟಲಿಯಿಂದ ಲೊರೆಂಜೊ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ಪರಿಣತರನ್ನು ಕರೆಸಿತು. ಅವರು ಉದುರುತ್ತಿದ್ದ ಗಾರೆಯನ್ನು ಹಿಡಿದು ನಿಲ್ಲಿಸಿದರು, ಅದು ದೊಡ್ಡ ಉಪಕಾರ. ಆದರೆ ಬಣ್ಣದ ಮೇಲೆ ಅರಗಿನ ಲೇಪ ಕೊಟ್ಟರು. ಅರಗು ವರ್ಷ ಕಳೆದಂತೆ ಹಳದಿಯಾಗಿ ಕಂದಿತು, ಬಿಗಿದುಕೊಳ್ಳುತ್ತಾ ಕೆಳಗಿನ ಬಣ್ಣವನ್ನೂ ಎಳೆಯತೊಡಗಿತು. ಹೊಸತರಲ್ಲಿ ಆಲ್ಕೋಹಾಲಿಗೆ ಕರಗುವ ಅರಗು ಹಳೆಯದಾದಷ್ಟೂ ಕರಗಲು ಹಠ ಹಿಡಿಯುತ್ತದೆ. ಭಾರತೀಯ ಪುರಾತತ್ವ ಇಲಾಖೆಯವರು ಆ ಲೇಪ ತೆಗೆಯುವುದಕ್ಕೆ ದಶಕಗಳನ್ನೇ ಕಳೆದಿದ್ದಾರೆ. ಬೇಕಾದಾಗ ಹಿಂತೆಗೆಯಲು ಬರುವ ಪದಾರ್ಥವನ್ನೇ ಬಳಸಬೇಕೆಂದು ಈ ವೃತ್ತಿಯವರು ಪಟ್ಟು ಹಿಡಿಯುವುದು ಇಂಥ ಪಾಠಗಳಿಂದ.

ಮಸಿಯ ಬಗ್ಗೆ ಎರಡೇ ಮಾತು. ಪೂಜೆ ನಡೆಯುವ ಗುಡಿಯಲ್ಲಿ ಎಣ್ಣೆ ದೀಪ, ಕರ್ಪೂರ, ಧೂಪ ಇದ್ದೇ ಇರುತ್ತವೆ. ಅಡುಗೆಮನೆಯ ಇಲ್ಲಣ ನೋಡಿದವರಿಗೆ ಗೊತ್ತು, ಅದು ಒಣ ಕಪ್ಪಲ್ಲ, ಜಿಡ್ಡು ಸೇರಿದ ಕಪ್ಪು. ಧೂಳನ್ನೂ ಹಿಡಿದುಕೊಳ್ಳುತ್ತದೆ. ಇದಕ್ಕೆ ಸೋಪಿನ ನೀರು, ನಿಂಬೆರಸ ಎಂದು ಉತ್ಸಾಹದಿಂದ ಹೊರಡುವವರನ್ನು ದಯವಿಟ್ಟು ತಡೆಯಿರಿ. ನಮ್ಮ ಕಡೆಯ ಬಹಳಷ್ಟು ಚಿತ್ರಗಳಲ್ಲಿ ಬಣ್ಣವನ್ನು ಒಣ ಗಾರೆಯ ಮೇಲೆ ಗೋಂದಿನಂಥ ಅಂಟಿನಲ್ಲಿ ಕಲಸಿ ಹಚ್ಚಿದ್ದಾರೆ. ಗೋಂದು ನೀರಿಗೆ ಬಿಡುತ್ತದೆ, ಸುಣ್ಣವನ್ನು ಹುಳಿ ತಿನ್ನುತ್ತದೆ. ಎದ್ದ ಚಕ್ಕೆಗಳನ್ನು ಮೊದಲು ಕೂರಿಸಿ, ಆಮೇಲೆ ಒಣ ಕುಂಚ, ಆಮೇಲೆ ಒಣ ರಬ್ಬರ್ ಸ್ಪಂಜು, ಅದಕ್ಕೂ ಬಗ್ಗದಿದ್ದರೆ ಮಾತ್ರ ದ್ರಾವಕ. ದ್ರಾವಕವನ್ನೂ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಉಗುರಿನಷ್ಟು ಜಾಗದಲ್ಲಿ ಪರೀಕ್ಷಿಸಬೇಕು. ಹತ್ತಿಗೆ ಕಪ್ಪು ಬಂದರೆ ಸರಿ, ಕೆಂಪೋ ಹಸಿರೋ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಮಸಿಯನ್ನು ಪೂರ್ತಿ ತೆಗೆಯಲು ಹೋಗಿ ಬಣ್ಣವನ್ನೂ ತಿಕ್ಕಿ ತೆಗೆದ ಗೋಡೆಗಳನ್ನು ನೋಡಿದ್ದೇನೆ. ಕಣ್ಣಿನ ಕಪ್ಪುಗೆರೆಯೂ ದೀಪದ ಕಾಡಿಗೆಯದೇ ಆಗಿರಬಹುದು ಎಂಬುದು ತಿಕ್ಕುವವರಿಗೆ ತೋಚಿರಲಿಲ್ಲ.

ಇನ್ನು ಮೇಲೆ ಬಳಿದ ಬಣ್ಣ. ಗುರುತಿಸಲು ಬಿರುಕನ್ನು ನೋಡಿ. ಮೂಲ ಬಣ್ಣವಾದರೆ ಬಿರುಕು ಅದನ್ನು ಸೀಳಿಕೊಂಡು ಹೋಗಿರುತ್ತದೆ, ಬಿರುಕಿನ ಒಳಗೆ ಬಿಳಿ ಗಾರೆ ಕಾಣುತ್ತದೆ. ಆಮೇಲೆ ಬಳಿದದ್ದಾದರೆ ಬಣ್ಣ ಬಿರುಕಿನೊಳಕ್ಕೆ ಇಳಿದಿರುತ್ತದೆ. ಗೆರೆಯೂ ಹೇಳುತ್ತದೆ. ಮೂಲದ ಗೆರೆ ಒಂದೇ ಉಸಿರಿನಲ್ಲಿ ದಪ್ಪವಾಗಿ ತೆಳುವಾಗುತ್ತದೆ, ತಿದ್ದಿದ ಗೆರೆ ಅಂಜುತ್ತಾ ಒಂದೇ ದಪ್ಪಕ್ಕೆ ಸಾಗುತ್ತದೆ.

ತಿದ್ದಿದ್ದೆಲ್ಲ ಕಿತ್ತುಹಾಕಬೇಕೇ? ಇಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ನೆನಪಿಗೆ ಬರುತ್ತದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧವಿದೆ. ಪಲ್ಲಕ್ಕಿಯಲ್ಲಿ ಕೂತ, ಸೋತ ಇಂಗ್ಲಿಷ್ ದಂಡಿನ ನಾಯಕ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. 1799ರ ನಂತರ ಅಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಹಾಳಾಗಿದ್ದ ಚಿತ್ರಗಳನ್ನು ಸರಿಪಡಿಸಿಸಿದ. ಆಮೇಲೆ ಅವುಗಳ ಮೇಲೆ ಸುಣ್ಣ ಬಿತ್ತು. 1855ರಲ್ಲಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲವನ್ನು ಕಂಡು ಬಲ್ಲ ಇಲ್ಲಿಯವನೇ ಆದ ಕಲಾವಿದನೊಬ್ಬ ಮತ್ತೆ ಬರೆದ. ಅಂದರೆ ನಾವು ಟಿಪ್ಪುವಿನ ಕಾಲದ್ದೆಂದು ಮಕ್ಕಳಿಗೆ ತೋರಿಸುವುದರಲ್ಲಿ ಬಹುಪಾಲು ಒಬ್ಬನ ನೆನಪು. ಇದು ಅಪ್ಪಟ ಜೀರ್ಣೋದ್ಧಾರ, ಪದದ ಹಳೆಯ ಅರ್ಥದಲ್ಲಿಯೇ.

ಆದರೂ ಆ ಪದರವನ್ನು ಇಂದು ಯಾರೂ ಕೀಳುವುದಿಲ್ಲ, ಕೀಳಬಾರದು. ಕೆಳಗೆ ಎಷ್ಟು ಉಳಿದಿದೆಯೆಂಬುದಕ್ಕೆ ಖಾತ್ರಿಯಿಲ್ಲ, ತೆಗೆದದ್ದು ಮರಳಿ ಬರುವುದಿಲ್ಲ, ಆ ಪದರಕ್ಕೂ ನೂರೈವತ್ತು ದಾಟಿದೆ. ಇದೇ ಯುದ್ಧವನ್ನು ಕಾಗದದ ಮೇಲೆ ಬರೆದ ಹಳೆಯ ಪ್ರತಿಗಳು ಉಳಿದುಬಂದಿರುವುದರಿಂದ ಹೋಲಿಸಿ ನೋಡಲಾದರೂ ದಾರಿಯಿದೆ. ನಮ್ಮ ಆಮಂತ್ರಣ ಪತ್ರಿಕೆಯ ರಾಮನಿಗೆ ಆ ಭಾಗ್ಯವೂ ಇಲ್ಲ. ಎನಾಮೆಲ್ ಬಳಿಯುವ ಮೊದಲು ಒಂದು ಫೋಟೊ ತೆಗೆದಿಟ್ಟಿದ್ದಾರೆಯೇ ಎಂದು ಫೋನಿನಲ್ಲಿ ಕೇಳಿದೆ. ತೆಗೆದಿರಲಿಲ್ಲ.