ಸೀನ್ ಬರೆಯಬೇಕೋ, ಸಾದ್ ಬರೆಯಬೇಕೋ: ಅರಬಿ ಉಕ್ತಲೇಖನದ ಟಿಪ್ಪಣಿ

ಅರಬಿಯಲ್ಲಿ ಉಕ್ತಲೇಖನಕ್ಕೆ ಇಮ್ಲಾ ಅಂತಾರೆ. ಸೀನ್, ಸಾದ್ ಅನ್ನುವುದು ಅರಬಿಯ ಎರಡು ಅಕ್ಷರಗಳು. ಒಬ್ಬರು ‘ಸೈಫ್’ ಅಂತ ಓದುತ್ತಾರೆ. ಸೀನ್ ಹಾಕಿ ಬರೆದರೆ ಕತ್ತಿ, ಸಾದ್ ಹಾಕಿದರೆ ಬೇಸಿಗೆ. ನಮ್ಮ ಕಿವಿಗೆ ಎರಡೂ ಒಂದೇ ‘ಸ’. ಶುರುವಿನಲ್ಲಿ ನಾನು ಆ ‘ಸ’ವನ್ನೇ ಕಿವಿಗೊಟ್ಟು ಕೇಳುತ್ತಿದ್ದೆ, ಗೊತ್ತೇ ಆಗುತ್ತಿರಲಿಲ್ಲ. ಕೇಳಬೇಕಾದದ್ದು ಅದರ ಪಕ್ಕದ ಸ್ವರವನ್ನು.

ಸಾದ್ ಹೇಳುವಾಗ ನಾಲಿಗೆಯ ಹಿಂಭಾಗ ಗಂಟಲ ಕಡೆ ಸರಿಯುತ್ತದೆ. ಹಾಗಾಗಿ ಮುಂದಿನ ಸ್ವರ ಭಾರವಾಗುತ್ತದೆ. ‘ಸಾರ’ ಅನ್ನುವ ಪದ ತಗೊಳ್ಳಿ. ಸೀನ್ ಇದ್ದರೆ ‘ನಡೆದ’ ಅಂತ ಅರ್ಥ. ಅಲ್ಲಿನ ‘ಆ’ ತೆಳ್ಳಗೆ, ‘ಬ್ಯಾಂಕ್’ ಅನ್ನುವಾಗ ಬರುವ ಸ್ವರದ ಕಡೆ ಸ್ವಲ್ಪ ವಾಲುತ್ತದೆ. ಸಾದ್ ಇದ್ದರೆ ‘ಆದ’ ಅಂತ ಅರ್ಥ. ಆಗ ‘ಆ’ ಬಾಯಿ ತುಂಬುತ್ತದೆ, ಕ್ರಿಕೆಟ್ ‘ಬಾಲ್’ ಅನ್ನುವಾಗಿನ ಸ್ವರದ ಹತ್ತಿರ ಬರುತ್ತದೆ. ದೀರ್ಘ ‘ಆ’ ಇರುವ ಪದಗಳಲ್ಲಿ ವ್ಯತ್ಯಾಸ ಚೆನ್ನಾಗಿ ಕೇಳುತ್ತದೆ, ಅವುಗಳಿಂದಲೇ ಶುರು ಮಾಡಿ.

ಇಷ್ಟು ಕಲಿತ ಮೇಲೆ ಹೊಸ ತಪ್ಪು ಶುರುವಾಗುತ್ತದೆ. ಸುಲ್ತಾನ್, ವಸತ್ (ಮಧ್ಯ), ಈ ಎರಡಕ್ಕೂ ನಾನು ಸಾದ್ ಬರೆದಿದ್ದೆ. ಎರಡಕ್ಕೂ ಇರುವುದು ಸೀನ್. ನನ್ನ ಕಿವಿಗೆ ಭಾರ ಕೇಳಿಸಿದ್ದು ನಿಜವೇ, ಆದರೆ ಅದು ಸೀನ್‌ನದಲ್ಲ. ಈ ಪದಗಳಲ್ಲಿರುವ ‘ತ’ ಸಾಮಾನ್ಯ ತಾ ಅಲ್ಲ, ಭಾರದ ತ್ವಾ. ಅದರ ಭಾರ ಅಕ್ಕಪಕ್ಕಕ್ಕೆಲ್ಲ ಹರಡುತ್ತದೆ. ಪದದಲ್ಲಿ ತ್ವಾ ಇದೆ ಅನ್ನಿಸಿದರೆ ಸೀನ್-ಸಾದ್ ವಿಷಯದಲ್ಲಿ ಕಿವಿಯನ್ನು ನಂಬಬೇಡಿ. ಆ ಪದದ ಕಾಗುಣಿತ ನೆನಪಿಟ್ಟುಕೊಳ್ಳುವುದೊಂದೇ ದಾರಿ.

ಧಾಲ್ ಮತ್ತು ಜ಼ಾಯ್ ಅನ್ನುವ ಅಕ್ಷರಗಳ ಕಥೆ ಬೇರೆ. ಧಾಲ್‌ಗೆ ನಾಲಿಗೆಯ ತುದಿ ಹಲ್ಲುಗಳ ನಡುವೆ ಬರಬೇಕು, ಕನ್ನಡಿಯಲ್ಲಿ ಕಾಣಬೇಕು. ಜ಼ಾಯ್‌ಗೆ ನಾಲಿಗೆ ಹಲ್ಲಿನ ಹಿಂದೆಯೇ ಇರುತ್ತದೆ, ದುಂಬಿ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಓದುವವರು ಸರಿಯಾಗಿ ಹೇಳಿದರೆ ಇದು ಸುಲಭ. ಆದರೆ ಈಜಿಪ್ಟಿನ ಮಾತಿನಲ್ಲಿ ಉಸ್ತಾಧ್, ಅಂದರೆ ಮೇಷ್ಟ್ರು, ‘ಉಸ್ತಾಜ಼್’ ಆಗುತ್ತದೆ. ಕೊನೆಯ ಅಕ್ಷರ ಧಾಲ್ ಅಂತ ಅಲ್ಲಿ ಕಿವಿ ಹೇಳುವುದಿಲ್ಲ.

ಆಗ ಕೈಹಿಡಿಯುವುದು ಪದದ ಬೇರು, ಅಂದರೆ ಆ ಪದ ಹುಟ್ಟಿದ ಮೂಲ ಅಕ್ಷರಗಳು. ನಾವು ಕನ್ನಡದಲ್ಲೂ ಇದನ್ನೇ ಮಾಡುತ್ತೇವೆ, ಅಲ್ವಾ? ದಿನದ ಮಾತಿನಲ್ಲಿ ಶ, ಷ ಎರಡೂ ಒಂದೇ ಥರ ಬರುತ್ತವೆ. ‘ಭಾಷೆ’ಗೆ ಷ ಅಂತ ಗೊತ್ತಿದ್ದರೆ ‘ಭಾಷಣ’ಕ್ಕೂ ಅದೇ ಬರೆಯುತ್ತೇವೆ. ಗಲ್ಫಿನಲ್ಲಿ ಇರುವವರಿಗೆ ‘ತಧ್ಕಿರಾ’ ಗೊತ್ತು, ಟಿಕೆಟ್. ಇದನ್ನೂ ಎಷ್ಟೋ ಜನ ಜ಼ ಸೇರಿಸಿಯೇ ಹೇಳುತ್ತಾರೆ. ಬೇರು ಧಾಲ್-ಕಾಫ್-ರಾ, ನೆನಪಿಗೆ ಸಂಬಂಧಿಸಿದ್ದು. ಸ್ಮರಣೆ ಅನ್ನುವ ಧಿಕ್ರ್ ಅದರದ್ದೇ, ಟಿಪ್ಪಣಿ ಅನ್ನುವ ಮುಧಕ್ಕಿರಾ ಕೂಡ ಅದರದ್ದೇ. ಮೂರಕ್ಕೂ ಧಾಲ್. ಇನ್ನೊಂದು ಕಡೆ ವೀಸಾ ಮೇಲಿನ ‘ಜ಼ಿಯಾರಾ’, ಅಂದರೆ ಭೇಟಿ. ನಮಗೆ ಗೊತ್ತಿರುವ ‘ಮಜ಼ಾರ್’ ಅದೇ ಬೇರಿನದು, ಭೇಟಿ ಕೊಡುವ ಜಾಗ. ಎರಡಕ್ಕೂ ಜ಼ಾಯ್.

ಈಗ ಅಭ್ಯಾಸ. ನನ್ನ ಗೆಳೆಯ ಮತ್ತು ನಾನು ಒಂದು ಸಲಕ್ಕೆ ಹನ್ನೆರಡು ಪದ ಮಾತ್ರ ತಗೊಳ್ಳುತ್ತೇವೆ. ಬರೆಯುವ ಮೊದಲು ಒಂದು ಪರೀಕ್ಷೆ. ಅವನು ಸಾರ-ಸಾರ ಜೋಡಿಯಲ್ಲಿ ಒಂದನ್ನು ಹೇಳುತ್ತಾನೆ. ಸೀನ್ ಆದರೆ ನಾನು ಒಂದು ಬೆರಳು ಎತ್ತುತ್ತೇನೆ, ಸಾದ್ ಆದರೆ ಎರಡು. ಹೀಗೆ ಹತ್ತು ಸಲ. ಎಂಟಕ್ಕಿಂತ ಕಡಿಮೆ ಸರಿಯಾದರೆ ತೊಂದರೆ ಕಿವಿಯದು, ಅವತ್ತು ಸುಮ್ನೆ ಕೇಳುವುದನ್ನೇ ಮಾಡುತ್ತೇವೆ. ಹತ್ತೂ ಸರಿಯಾಗಿ, ಬರೆಯುವಾಗ ಮಾತ್ರ ತಪ್ಪಾದರೆ ತೊಂದರೆ ನೆನಪಿನದು. ಅದಕ್ಕೆ ಬೇರಿನ ಪಟ್ಟಿ ಬೇಕು. ಗೆಳೆಯನೂ ನಿಮ್ಮ ಹಾಗೆ ಕಲಿಯುವವನಾಗಿದ್ದರೆ, ಚೆನ್ನಾಗಿ ಅರಬಿ ಬರುವವರ ದನಿಯನ್ನು ಫೋನಿನಲ್ಲಿ ಹಾಕಿ. ನಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿದರೆ ನಮ್ಮ ತಪ್ಪು ಸಾದ್ ಅನ್ನೇ ಕಲಿತುಬಿಡುತ್ತೇವೆ.

ಬರೆಯುವಾಗ ಪ್ರತಿ ಪದವನ್ನೂ ಒಂದು ಸಲ ಬಿಡಿಯಾಗಿ, ಒಂದು ಸಲ ವಾಕ್ಯದೊಳಗೆ ಕೇಳುತ್ತೇವೆ. ಅನುಮಾನ ಇರುವ ಅಕ್ಷರದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇವೆ. ತಿದ್ದುವಾಗ ಈ ಗೆರೆ ಬಹಳ ಉಪಯೋಗ. ಗೆರೆ ಇದ್ದು ಸರಿಯಾಗಿದ್ದರೆ ಅದು ಊಹೆ, ಗೊತ್ತಿದ್ದು ಬರೆದದ್ದಲ್ಲ. ಹಾಗಾಗಿ ಅದೂ ತಪ್ಪಿನ ಪಟ್ಟಿಗೇ ಹೋಗುತ್ತದೆ. ಮೂರು ದಿನ ಬಿಟ್ಟು ಆ ಪಟ್ಟಿಯನ್ನಷ್ಟೇ ಮತ್ತೆ ಬರೆಯುತ್ತೇವೆ.

ಕೈಬರಹದ ಒಂದು ಮಾತು. ಸೀನ್‌ಗೆ ಮೂರು ಹಲ್ಲು, ಅಂದರೆ ಮೇಲಕ್ಕೆ ಚಾಚಿದ ಸಣ್ಣ ಮೊನೆಗಳು. ಸಾದ್‌ಗೆ ಉದ್ದನೆಯ ಸುತ್ತು, ಆಮೇಲೆ ಒಂದು ಸಣ್ಣ ಹಲ್ಲು. ಆ ಹಲ್ಲನ್ನು ನಾನು ಎಷ್ಟೋ ವಾರ ಬಿಟ್ಟೇ ಬರೆಯುತ್ತಿದ್ದೆ. ಕಿವಿ ಸರಿ ಕೇಳಿದ್ದರೂ, ತಿದ್ದುವವರಿಗೆ ನನ್ನ ಸಾದ್ ಯಾವ ಅಕ್ಷರ ಅಂತಲೇ ತಿಳಿಯುತ್ತಿರಲಿಲ್ಲ.