ಮೊತ್ತ ಬರೀರಿ ಅಂದ್ರೆ 1250 ಅಂತ ಮಾತ್ರ ಬರೀರಿ

ನಮ್ಮೂರಲ್ಲಿ, ಸಾಗರದ ಹತ್ರ, ಬಯಲಾಟ ಆಡ್ಸೋಕೆ ವಂತಿಗೆ ಎತ್ತೋವಾಗ ಖಜಾಂಚಿ ಅಣ್ಣ ಎಲ್ರಿಗೂ ಒಂದು ಮೇಲ್ ಹಾಕಿದ್ರು: "ನೀವು ಕೊಡೋ ಮೊತ್ತ ಅಂಕಿಯಲ್ಲಿ ಮಾತ್ರ ಕಳ್ಸಿ, ಉದಾಹರಣೆಗೆ 1250. ರೂ, ಕಾಮಾ, /-, ಸ್ಪೇಸ್ ಏನೂ ಬೇಡ. ಪೈಸೆ ಇದ್ರೆ 1250.50." ಓದಿ ನಾವೆಲ್ಲ ನಕ್ಕಿದ್ವಿ, ಇಷ್ಟು ಕಟ್ಟುನಿಟ್ಟು ಯಾಕಪ್ಪಾ ಅಂತ. ಎಕ್ಸೆಲ್ ಕಲಿಯೋಕೆ ಕೂತ್ಮೇಲೆ ಅರ್ಥ ಆಯ್ತು, ಅದಕ್ಕೇ ಈ ನೋಟ್ಸ್.

B2ರಿಂದ B6ರ ತನಕ ಐದು ಜನ ಕಳ್ಸಿದ್ದು ಹಂಗಂಗೇ ಟೈಪ್ ಮಾಡಿ ನೋಡಿ:

```
1500
2000 ರೂ
1250/-
1 750
500
```

ಕೈಯಲ್ಲಿ ಕೂಡಿದ್ರೆ 7000. ಆದ್ರೆ `=SUM(B2:B6)` ಹಾಕಿದ್ರೆ ಬರೋದು 2000! ಮಧ್ಯದ ಮೂರೂ ಸೆಲ್‌ಗಳನ್ನ ಎಕ್ಸೆಲ್ ಅಂಕಿ ಅಂತ ತಗೊಳ್ಳಲ್ಲ, ಬರಹ ಅಂತ ಇಟ್ಕೊಳ್ಳುತ್ತೆ, ಬರಹ ಇರೋ ಸೆಲ್ಲನ್ನ SUM ಸುಮ್ನೆ ದಾಟಿ ಹೋಗುತ್ತೆ. ಎರರ್ರೂ ಇಲ್ಲ ಏನೂ ಇಲ್ಲ, ಅದೇ ಇದ್ರ ಕೆಟ್ಟ ಗುಣ. `=B2+B3` ಅಂತ ಕೂಡಿದ್ರೆ ಮಾತ್ರ `#VALUE!` ಅಂತ ಕೂಗಾಡುತ್ತೆ, ಅದೇ ವಾಸಿ ಅನ್ಸುತ್ತೆ ನಂಗೆ.

ಗೊತ್ತಾಗೋದು ಹೆಂಗೆ? ನೀವು ಅಲೈನ್‌ಮೆಂಟ್ ಮುಟ್ದೇ ಇದ್ರೆ ಅಂಕಿ ಬಲಕ್ಕೆ ಅಂಟ್ಕೊಂಡಿರುತ್ತೆ, ಬರಹ ಎಡಕ್ಕೆ. ಪಟ್ಟಿ ಉದ್ದ ಇದ್ರೆ ಕಣ್ಣು ಸೋಲುತ್ತೆ, ಆಗ `=COUNT(B2:B6)` ಮತ್ತೆ `=COUNTA(B2:B6)` ಎರಡೂ ಹಾಕಿ. ಮೊದಲ್ನೇದು ಅಂಕಿ ಇರೋ ಸೆಲ್ ಮಾತ್ರ ಎಣಿಸುತ್ತೆ, ಇಲ್ಲಿ 2, ಎರಡ್ನೇದು ಖಾಲಿ ಇಲ್ಲದ ಸೆಲ್ಲೆಲ್ಲ, 5. ಅಂದ್ರೆ ಮೂರು ಜನದ ದುಡ್ಡು ಲೆಕ್ಕಕ್ಕೆ ಬಂದಿಲ್ಲ.

ಕಾಮಾದ್ದು ಬೇರೆ ಕಥೆ. ಸೆಲ್ಲಲ್ಲಿ 1,250 ಅಂತ ಹೊಡುದ್ರೆ ಸಾಮಾನ್ಯವಾಗಿ ಅಂಕಿನೇ ಆಗುತ್ತೆ, ತೊಂದ್ರೆ ಇಲ್ಲ. ಆದ್ರೆ ಅದೇ CSV ಫೈಲಲ್ಲಿ, ಅಂದ್ರೆ ಕಾಮಾ ಹಾಕಿ ಕಾಲಂ ಬೇರೆ ಮಾಡೋ ಫೈಲಲ್ಲಿ, ಕೋಟ್ ಇಲ್ದೇ ಬಂತು ಅಂದ್ರೆ ಕಾಮಾ ಇದ್ದಲ್ಲಿ ಕಾಲಂ ಒಡೆಯುತ್ತೆ, ಒಂದ್ರಲ್ಲಿ 1, ಪಕ್ಕದಲ್ಲಿ 250. ಸಾವಿರದ ಇನ್ನೂರೈವತ್ತು ಕೊಟ್ಟವ್ರ ಹೆಸರಿಗೆ ಒಂದು ರೂಪಾಯಿ! ಇನ್ನು ಕಾಮಾ ಬದ್ಲು ಚುಕ್ಕಿ ಇಟ್ಟು 1.250 ಅಂತ ಕಳ್ಸಿದ್ರೆ ಅದು 1.25 ಆಗುತ್ತೆ, ಇದು ಅಂಕಿನೇ ಆಗಿರೋದ್ರಿಂದ ಈ ತಪ್ಪು COUNT ಹಾಕಿದ್ರೂ ಗೊತ್ತಾಗಲ್ಲ.

(ಈ /- ಬಂದಿದ್ದು ಚೆಕ್ಕು, ರಸೀದಿ ಬರೆಯೋ ಅಭ್ಯಾಸದಿಂದ, ಮುಂದೆ ಯಾರೂ ಸೊನ್ನೆ ಸೇರಿಸ್ಬಾರ್ದು ಅಂತ. ಕಾಗದದಲ್ಲಿ ಅದು ಬೇಕು.)

ಸರಿ ಮಾಡೋಕೆ Ctrl+H ಒತ್ತಿ " ರೂ", "/-", ಸ್ಪೇಸ್ ಒಂದೊಂದಾಗಿ ಹುಡುಕಿ ಖಾಲಿ ಬಿಟ್ಟು ರಿಪ್ಲೇಸ್ ಮಾಡಿದ್ರೆ ಆಯ್ತು. ಅಷ್ಟಾದ್ರೂ ಒಂದು ಸೆಲ್, B5 ಅನ್ಕೊಳ್ಳಿ, ಎಡಕ್ಕೇ ನಿಂತಿದ್ರೆ ಅಕ್ಷರ ಎಣಿಸೋ `=LEN(B5)` ನೋಡಿ. ನಾಲ್ಕಂಕಿಗೆ 5 ತೋರಿಸಿದ್ರೆ ಕಾಣದ ಅಕ್ಷರ ಒಂದು ಕೂತಿದೆ, ವೆಬ್ ಪೇಜಿಂದನೋ ಈಮೇಲಿಂದನೋ ಕಾಪಿ ಮಾಡ್ದಾಗ ಬರೋ ಇನ್ನೊಂದು ಜಾತಿ ಸ್ಪೇಸೇ ಇರುತ್ತೆ ಹೆಚ್ಚಾಗಿ, ಅದಕ್ಕೆ ಹೆಚ್ಚಿನ ಸ್ಪೇಸ್ ತೆಗೆಯೋ TRIM ಕೂಡ ನಾಟಲ್ಲ. ಖಾಲಿ ಇರೋ ಬೇರೆ ಸೆಲ್ಲಲ್ಲಿ ಇದನ್ನ ಹಾಕಿ:

```
=VALUE(SUBSTITUTE(B5,CHAR(160),""))
```

ಬಂದ ಅಂಕಿನ B5ರಲ್ಲಿ ಹಳೇದ್ರ ಜಾಗಕ್ಕೆ ಟೈಪ್ ಮಾಡಿ. ಆಮೇಲೆ COUNT ಮತ್ತೆ ಹಾಕಿ, 5 ಬಂದ್ಮೇಲೇ ಮೊತ್ತ ನೋಡಿ.