ಅನಾನಸಿಗೆ ಹೂವಿನ ಮದ್ದು ಹಾಕಲು ಹಗಲು ಸರಿಯಾದ ಹೊತ್ತಲ್ಲ

ಅನಾನಸು ಬೆಳೆಯುವವರಿಂದ ನನಗೆ ಬರುವ ದೂರು ಹೆಚ್ಚುಕಮ್ಮಿ ಒಂದೇ. "ಹೂ ಬರಲಿ ಅಂತ ಮದ್ದು ಹಾಕಿದೆವು ಸರ್. ಅರ್ಧ ಗಿಡ ಹೂ ಬಿಟ್ಟಿದೆ, ಇನ್ನರ್ಧ ಸುಮ್ನೆ ಕೂತಿದೆ. ಮದ್ದು ಡೂಪ್ಲಿಕೇಟ್ ಇರಬಹುದಾ?" ಇರಲೂಬಹುದು. ಆದರೆ ನಾನು ಮೊದಲು ಕೇಳುವುದು ಬೇರೆಯೇ ಪ್ರಶ್ನೆ. ಎಷ್ಟು ಗಂಟೆಗೆ ಹಾಕಿದಿರಿ? ಉತ್ತರವೂ ಪ್ರತಿಸಲ ಒಂದೇ: "ಕೆಲಸದವರು ಬಂದ ಮೇಲೆ."

ಕೆಲಸದವರು ಬರುವುದು ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೆ. ಅಷ್ಟರಲ್ಲಿ ಅನಾನಸು ಬಾಗಿಲು ಹಾಕಿಕೊಂಡಿರುತ್ತದೆ.

ಕಾರ್ಕಳದ ಕಡೆಯ ಒಂದು ತೋಟದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತಿತ್ತು. ಅವರು ಕಾರ್ಬೈಡ್ ಕರಗಿಸಿದ ನೀರನ್ನು ಗಿಡಗಳ ಸುಳಿಗೆ ಹೊಯ್ದಿದ್ದರು. ಮನೆಯವರೇ ಬೆಳಕು ಹರಿಯುವ ಮೊದಲು ಒಂದು ಬದಿಯಿಂದ ಶುರು ಮಾಡಿದ್ದರು. ತಿಂಡಿ ಮುಗಿದ ಮೇಲೆ ಕೆಲಸದವರು ಸೇರಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಂದು ಬದಿ ಮುಗಿಸಿದ್ದರು. ಎರಡು ತಿಂಗಳು ಕಳೆದು ನಾನು ಹೋದಾಗ ಮೊದಲ ಸಾಲುಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಗಿಡಗಳ ಸುಳಿ ಕೆಂಪಾಗಿತ್ತು. ನಡುವಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು. ಕೊನೆಯ ಸಾಲುಗಳಲ್ಲಿ ಬರೀ ಹಸಿರು ಎಲೆ. ಮದ್ದು ಒಂದೇ, ಅಳತೆ ಒಂದೇ, ಗಿಡಗಳ ವಯಸ್ಸೂ ಒಂದೇ. ಬದಲಾಗಿದ್ದು ಗಂಟೆ ಮಾತ್ರ.

ಕಾರ್ಬೈಡ್ ನೀರಿಗೆ ಬಿದ್ದರೆ ಅಸಿಟಿಲೀನ್ ಅನಿಲ ಹೊರಡುತ್ತದೆ. ಎಥಿಲೀನ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ಹೂ ಬಿಡು ಅಂತ ಗಿಡಕ್ಕೆ ಸೂಚನೆ ಕೊಡುತ್ತದೆ. ಆದರೆ ಅದು ಒಳಗೆ ಹೋಗಬೇಕಾದ್ದು ಎಲೆಯ ಪತ್ರರಂಧ್ರಗಳ ಮೂಲಕ. ಅವು ಮುಚ್ಚಿದ್ದರೆ ಅನಿಲ ಗಾಳಿ ಪಾಲು.

"ನಮ್ಮಲ್ಲಿ ನೀರಿಗೇನೂ ಬರವಿಲ್ಲ ಮಾರಾಯ್ರೆ, ಮತ್ತೆ ಹಗಲು ಯಾಕೆ ಮುಚ್ಚುತ್ತದೆ?" ಎಲ್ಲರೂ ಎಡವುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಅಡಿಕೆ, ಬಾಳೆ, ಭತ್ತ ಹಗಲು ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ, ಅದರಿಂದ ಆಗಲೇ ಸಕ್ಕರೆ ಮಾಡುತ್ತವೆ. ಅನಾನಸು ಈ ಕೆಲಸವನ್ನು ಎರಡು ಪಾಳಿಯಲ್ಲಿ ಮಾಡುತ್ತದೆ. ರಾತ್ರಿ ಎಲೆಯ ಜೀವಕೋಶದಲ್ಲಿ ಪೆಪ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಡೈಆಕ್ಸೈಡನ್ನು ಹಿಡಿಯುತ್ತದೆ. ಅದು ಮ್ಯಾಲಿಕ್ ಆಮ್ಲವಾಗಿ ಕೋಶದೊಳಗಿನ ರಸದ ಚೀಲದಲ್ಲಿ ಸೇರಿಕೊಳ್ಳುತ್ತದೆ. ಬೆಳಗಾದ ಮೇಲೆ ಆ ಆಮ್ಲ ಹೊರಬಂದು ಒಡೆಯುತ್ತದೆ, ಡೈಆಕ್ಸೈಡ್ ಮತ್ತೆ ಬಿಡುಗಡೆಯಾಗುತ್ತದೆ, ಬಿಸಿಲಿನ ಬಲದಿಂದ ಅದು ಸಕ್ಕರೆಯಾಗುತ್ತದೆ. ಇದಕ್ಕೆ ಕ್ಯಾಮ್ ವಿಧಾನ ಅಂತ ಹೆಸರು. ಲೋಳೆಸರ, ಡ್ರ್ಯಾಗನ್ ಫ್ರೂಟ್, ಕಾಡುಬಸಳೆಯದ್ದೂ ಇದೇ ದಾರಿ.

ಈಗ ರಂಧ್ರದ ವಿಷಯ. ಅದು ತೆರೆಯುವುದು, ಮುಚ್ಚುವುದು ಬಹುಮಟ್ಟಿಗೆ ಎಲೆಯ ಒಳಗೆ ಡೈಆಕ್ಸೈಡ್ ಎಷ್ಟಿದೆ ಅನ್ನುವುದನ್ನು ಅವಲಂಬಿಸಿದೆ. ರಾತ್ರಿ ಕಿಣ್ವ ಅದನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ಒಳಗೆ ಕಡಿಮೆಯಾಗುತ್ತದೆ, ರಂಧ್ರ ತೆರೆಯುತ್ತದೆ. ಹಗಲು ಆಮ್ಲ ಒಡೆದು ಒಳಗೆ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ ತುಂಬುತ್ತದೆ, ರಂಧ್ರ ಮುಚ್ಚುತ್ತದೆ. ಮಧ್ಯಾಹ್ನ ಬುಡಕ್ಕೆ ಪೈಪ್ ಬಿಟ್ಟ ಮಾತ್ರಕ್ಕೆ ಎಲೆಯೊಳಗಿನ ಆಮ್ಲ ಮಾಯವಾಗುವುದಿಲ್ಲ, ಅಲ್ವಾ? ನೀರು ಚೆನ್ನಾಗಿದ್ದರೆ ಒಂದು ವ್ಯತ್ಯಾಸ ಆಗುತ್ತದೆ. ಸಂಜೆಯ ಹೊತ್ತಿಗೆ ಆಮ್ಲ ಖಾಲಿಯಾದಾಗ, ಕತ್ತಲಾಗುವ ಮೊದಲೇ ರಂಧ್ರ ತೆರೆಯಲು ಶುರುವಾಗುತ್ತದೆ. ಮಣ್ಣು ಒಣಗಿದ್ದರೆ ಆ ಸಂಜೆಯ ಅವಧಿ ಹೋಗುತ್ತದೆ, ಉಳಿಯುವುದು ರಾತ್ರಿ ಮಾತ್ರ. ತೀರಾ ಬಾಡಿದ ಗಿಡ ರಾತ್ರಿಯೂ ತೆರೆಯದೆ ಇರಬಹುದು. ಅಂಥ ಗಿಡಕ್ಕೆ ಮೊದಲು ನೀರು, ಆಮೇಲೆ ಮದ್ದು.

ಇಷ್ಟೆಲ್ಲಾ ಕಷ್ಟ ಯಾಕೆ ಅಂದರೆ ನೀರಿನ ಉಳಿತಾಯಕ್ಕೆ. ನಮ್ಮ ಕರಾವಳಿಯ ಲೆಕ್ಕವನ್ನೇ ಹಿಡಿಯಿರಿ. ಮಧ್ಯಾಹ್ನ 33 ಡಿಗ್ರಿ, ಗಾಳಿಯ ತೇವ ಶೇ 60 ಇದ್ದರೆ, ಎಲೆಯಿಂದ ನೀರನ್ನು ಎಳೆಯುವ ಗಾಳಿಯ ಶಕ್ತಿ ಸುಮಾರು 2 ಕಿಲೋಪ್ಯಾಸ್ಕಲ್. ರಾತ್ರಿ 25 ಡಿಗ್ರಿ, ತೇವ ಶೇ 90 ಆದರೆ ಅದು ಸುಮಾರು 0.3ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ರಂಧ್ರ ತೆರೆದರೂ ಹಗಲು ಆರು ಪಟ್ಟಿಗಿಂತ ಜಾಸ್ತಿ ನೀರು ಹೋಗುತ್ತದೆ. ಮಂಗಳೂರಿನ ಸೆಕೆಯಲ್ಲಿ ರಾತ್ರಿಯೂ ಬೆವರುತ್ತೇವೆ ನಿಜ, ಆದರೆ ಗಿಡಕ್ಕೆ ಆ ತೇವದ ಗಾಳಿಯೇ ಲಾಭ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಬಹುದು. ಕಾಡುಬಸಳೆಯ ಒಂದು ಎಲೆಯನ್ನು ಬೆಳಕು ಹರಿಯುವಾಗ ಜಜ್ಜಿ ರಸವನ್ನು ಪಿಎಚ್ ಪಟ್ಟಿಗೆ ಮುಟ್ಟಿಸಿ. ಅದೇ ಗಿಡದ ಇನ್ನೊಂದು ಎಲೆಯನ್ನು ಸಂಜೆ ನಾಲ್ಕರ ಹೊತ್ತಿಗೆ ಜಜ್ಜಿ ನೋಡಿ. ಬೆಳಗಿನ ಪಟ್ಟಿ ಹುಳಿಯ ಕಡೆಗೆ ಎಷ್ಟು ವಾಲಿದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಹಿಂದೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿ ಇದನ್ನು ನಾಲಿಗೆಯಲ್ಲೇ ಕಂಡುಕೊಂಡಿದ್ದರು. ಈ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಎಂದು 1815ರಲ್ಲಿ ಪ್ರಕಟವಾದ ಪತ್ರವೊಂದರಲ್ಲಿ ಬರೆದರು. ನೀವು ಮಾತ್ರ ಪಟ್ಟಿಯನ್ನೇ ಬಳಸಿ. ಕಾಡುಬಸಳೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ಅಂಶಗಳಿವೆ, ದನಗಳಿಗೂ ಅದು ವಿಷ.

ಅನಾನಸಿನ ಎಲೆಯಲ್ಲೂ ಇದೇ ಪರೀಕ್ಷೆ ಮಾಡಬಹುದು. ಬೆಳಗಿಗೂ ಸಂಜೆಗೂ ವ್ಯತ್ಯಾಸ ತೀರಾ ಕಡಿಮೆ ಇದ್ದರೆ ಗಿಡ ರಾತ್ರಿ ಸರಿಯಾಗಿ ಉಸಿರೆಳೆಯುತ್ತಿಲ್ಲ ಅಂತ ನನಗೆ ಅನುಮಾನ ಬರುತ್ತದೆ. ಹೆಚ್ಚಾಗಿ ಕಾರಣ ನೀರಿನ ಕೊರತೆ.

ಕಾರ್ಬೈಡ್ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ಅದರ ಅನಿಲ ಬೆಂಕಿಗೆ ಹತ್ತಿಕೊಳ್ಳುತ್ತದೆ. ಕೊಯ್ದ ಹಣ್ಣನ್ನು ಅದರಿಂದ ಮಾಗಿಸುವುದಂತೂ ಕಾನೂನಿನಲ್ಲೇ ನಿಷೇಧ. ನನ್ನನ್ನು ಕೇಳಿದರೆ ಗಿಡದೊಳಗೆ ಹೋಗಿ ಎಥಿಲೀನ್ ಬಿಡುವ ಎಥೆಫಾನ್ ಎಂಬ ಮದ್ದು ವಾಸಿ. ರೂಢಿಯಲ್ಲಿರುವ ಅಳತೆ ಹೀಗೆ: 20 ಲೀಟರ್ ನೀರಿಗೆ ಶೇ 39ರ ಎಥೆಫಾನ್ 1.25 ಮಿಲಿ, ಯೂರಿಯಾ 400 ಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ 8 ಗ್ರಾಂ. ಗಿಡಕ್ಕೆ 39ರಿಂದ 42 ಎಲೆ ಬಂದಿರಬೇಕು. ಒಂದೊಂದು ಸುಳಿಗೆ 50 ಮಿಲಿ ಹೊಯ್ದರೆ 400 ಗಿಡಕ್ಕೆ ಆಗುತ್ತದೆ. ಇದು ದ್ರವವಾಗಿಯೇ ಎಲೆಯ ಮೈಯಿಂದಲೂ ಒಳಗಿಳಿಯುವುದರಿಂದ ರಂಧ್ರವನ್ನೇ ಪೂರ್ತಿ ನಂಬಿಲ್ಲ. ಆದರೆ ಸುಡುಬಿಸಿಲಿಗೆ ಬೇಗ ಆರಿಹೋದರೆ ಇದೂ ಕೈಕೊಡುತ್ತದೆ. ತೀರಾ ಸೆಕೆಯ ದಿನಗಳಲ್ಲಿ ಎಷ್ಟು ಸರಿಯಾಗಿ ಹಾಕಿದರೂ ಕೆಲವು ಗಿಡ ಹೂ ಬಿಡದೆ ಉಳಿಯುವುದುಂಟು. ನಿಮ್ಮ ತಳಿಗೂ ಮಣ್ಣಿಗೂ ಅಳತೆ ಬದಲಿಸಬೇಕೋ ಅಂತ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ಕೇಳಿಕೊಳ್ಳಿ.

ಕಾರ್ಕಳದ ಆ ತೋಟದವರು ಹೂ ಬಿಡದ ಸಾಲುಗಳಿಗೆ ಮೊದಲು ಎರಡು ವಾರ ನೀರು ಕೊಟ್ಟರು. ಆಮೇಲೆ ಹಣೆಗೆ ಟಾರ್ಚ್ ಕಟ್ಟಿಕೊಂಡು ರಾತ್ರಿ ಏಳರ ನಂತರ ಎಥೆಫಾನ್ ಹೊಯ್ದರು. ಕೆಲಸದವರಿಗೆ ಅವತ್ತು ಸಂಜೆಯ ಹೊತ್ತಿಗೆ ಬರಲು ಹೇಳಿ, ರಾತ್ರಿ ಊಟ ಮನೆಯಲ್ಲೇ ಹಾಕಿದ್ದರು. ಹೂ ಕಾಣಲು ಸುಮಾರು 40 ದಿನ ಬೇಕು, ಎಲ್ಲಾ ಮುಗಿಯಲು 70 ದಿನವಾದರೂ ಆಗುತ್ತದೆ. ಹಾಗಾಗಿ ಹದಿನೈದನೇ ದಿನಕ್ಕೇ ಫೋನ್ ಮಾಡಿ "ಏನೂ ಕಾಣ್ತಿಲ್ಲ ಸರ್" ಅನ್ನಬೇಡಿ ಅಂತ ಅವರಿಗೆ ಮೊದಲೇ ಹೇಳಿಟ್ಟಿದ್ದೆ.